ಮೂರು ಸಾವಿರ ಖಾಲಿ ಚೀಲ

ಆ ತಿಂಗಳು ನನ್ನ ಲೆಕ್ಕದಲ್ಲಿ 3,212 ಖಾಲಿ ಚೀಲ ಕಾಣೆಯಾಗಿದ್ದವು. ಹತ್ತು ಕೆಜಿ ಅಕ್ಕಿ ಹಿಡಿಯುವ ಪ್ಲಾಸ್ಟಿಕ್ ಚೀಲಗಳು, ಮೇಲೆ ಕಂಪ್ಲಿಯ ಒಂದು ಅಕ್ಕಿ ಮಿಲ್ಲಿನ ಹೆಸರು, ಒಂದು ತೆನೆಯ ಚಿತ್ರ. ಒಂದಕ್ಕೆ ಹೆಚ್ಚೆಂದರೆ ಎಂಟೊಂಬತ್ತು ರೂಪಾಯಿ. ಅಕ್ಕಿ ಗಿರಣಿಯ ಲೆಕ್ಕದಲ್ಲಿ ಖಾಲಿ ಚೀಲದ ಹಿಂದೆ ಯಾರೂ ಓಡುವುದಿಲ್ಲ. ನಾನು ಓಡಿದ್ದು ಹೊಸಬಳಾಗಿದ್ದೆ ಎಂಬ ಕಾರಣಕ್ಕೆ. ಯಾವುದನ್ನು ಬಿಡಬಹುದು ಎಂದು ಇನ್ನೂ ಗೊತ್ತಾಗಿರಲಿಲ್ಲ.

2022ರ ಆಗಸ್ಟ್ ಮೊದಲ ವಾರದ ಮಾತು. ಹೊಸಪೇಟೆಯ ಒಂದು ಆಡಿಟರ್ ಆಫೀಸಿಗೆ ನಾನು ಸೇರಿ ಐದು ತಿಂಗಳಾಗಿತ್ತು. ದಿನಾ ಸಂಡೂರಿನಿಂದ ಬೆಳಗಿನ ಬಸ್ಸು, ಅದಿರು ಲಾರಿಗಳ ಹಿಂದೆ ಕೆಂಪು ಧೂಳು ತಿಂದುಕೊಂಡು ಬರುವುದು, ಸಂಜೆ ಅದೇ ದಾರಿಯಲ್ಲಿ ವಾಪಸು. ಹತ್ತನೇ ತಾರೀಖಿನೊಳಗೆ ಮಿಲ್ಲುಗಳ ಸ್ಟಾಕ್ ಸ್ಟೇಟ್‌ಮೆಂಟ್ ಬ್ಯಾಂಕಿಗೆ ಹೋಗಬೇಕು, ಸಿಸಿ ಸಾಲ ಅದರ ಮೇಲೇ ನಿಂತಿರುತ್ತದೆ. ಹನ್ನೊಂದಕ್ಕೆ GSTR-1, ಇಪ್ಪತ್ತಕ್ಕೆ GSTR-3B. ಜುಲೈ ಮುಗಿಸುವ ಕೆಲಸ ಆ ಸಲ ಎಲ್ಲರಿಗೂ ಎರಡು ಪಟ್ಟು ಆಗಿತ್ತು, ಏಕೆಂದರೆ ತಿಂಗಳ ನಡುವೆಯೇ ಅಕ್ಕಿಯ ತೆರಿಗೆ ಬದಲಾಗಿತ್ತು.

ಆ ಬದಲಾವಣೆ ಏನೆಂದು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಕಥೆ ತಿಳಿಯುವುದಿಲ್ಲ. ಜೂನ್ ಕೊನೆಗೆ ಚಂಡೀಗಢದಲ್ಲಿ ಜಿಎಸ್‌ಟಿ ಮಂಡಳಿಯ 47ನೇ ಸಭೆ ನಡೆಯಿತು. ಅಲ್ಲಿಯವರೆಗೆ ಅಕ್ಕಿಗೆ ತೆರಿಗೆ ಬೀಳುತ್ತಿದ್ದದ್ದು ನೋಂದಾಯಿತ ಬ್ರ್ಯಾಂಡ್ ಹೆಸರಿದ್ದರೆ, ಇಲ್ಲವೇ ಹೆಸರಿನ ಮೇಲಿನ ಕಾನೂನು ಹಕ್ಕನ್ನು ಬಿಟ್ಟುಕೊಡದಿದ್ದರೆ. ನಮ್ಮ ಕಡೆಯ ಬಹಳ ಮಿಲ್ಲುಗಳ ಚೀಲದ ಮೇಲಿನ ಹೆಸರು ನೋಂದಾಯಿಸಿದ್ದಲ್ಲ, ಹಕ್ಕನ್ನೂ ಬಿಟ್ಟುಕೊಟ್ಟಿದ್ದರು, ಹೀಗಾಗಿ ತೆರಿಗೆಯೇ ಇರಲಿಲ್ಲ. ಜುಲೈ 18, ಸೋಮವಾರದಿಂದ ಬ್ರ್ಯಾಂಡಿನ ಮಾತು ಹೋಯಿತು. ಮೊದಲೇ ಪ್ಯಾಕ್ ಮಾಡಿ, ಕಾನೂನು ಪ್ರಕಾರ ತೂಕ, ಬೆಲೆ, ತಯಾರಕರ ಹೆಸರು ಅಚ್ಚು ಹಾಕಬೇಕಾದ ಪೊಟ್ಟಣ 25 ಕೆಜಿಯವರೆಗೆ ಇದ್ದರೆ ಶೇ. 5. ಅದಕ್ಕಿಂತ ಮೇಲಿನ ಚೀಲಕ್ಕೆ ಸೊನ್ನೆ. ಬಿಡಿ ಅಕ್ಕಿಗೂ ಸೊನ್ನೆ. ಕೇಳಲು ಇಷ್ಟು ಸರಳ.

17ನೇ ತಾರೀಖು ಭಾನುವಾರ ನಮ್ಮ ಸಾರ್ ಎಲ್ಲಾ ಮಿಲ್ಲುಗಳಿಗೆ ಫೋನ್ ಮಾಡಿಸಿದ್ದರು. ಇವತ್ತು ಸಂಜೆಗೆ ಗೋದಾಮಿನಲ್ಲಿ ಏನಿದೆ ಅಷ್ಟೂ ಎಣಿಸಿ ಬರೆದಿಡಿ, ಖಾಲಿ ಚೀಲವನ್ನೂ ಬಿಡಬೇಡಿ ಎಂದು. ಕಂಪ್ಲಿಯಲ್ಲಿ ಆ ವಾರ ಹೊಳೆ ತುಂಬಿ ಹರಿಯುತ್ತಿತ್ತು. ಜಲಾಶಯ ಜುಲೈನಲ್ಲೇ ತುಂಬಿ ನೀರು ಬಿಟ್ಟಿದ್ದರು, ಗಂಗಾವತಿ ಕಡೆಗಿನ ಸೇತುವೆ ಮುಳುಗಿ ಓಡಾಟ ನಿಂತಿತ್ತು. ಅಂಥ ಗದ್ದಲದಲ್ಲೂ ಮಿಲ್ಲಿನ ಹಮಾಲರ ಮೇಸ್ತ್ರಿ ಎಣಿಸಿ ಹೇಳಿದ್ದ: ಹತ್ತು ಕೆಜಿ ಖಾಲಿ ಚೀಲ 9,400. ತಿಂಗಳ ಕೊನೆಗೆ ಮತ್ತೆ ಎಣಿಸಿದಾಗ 6,188. ನಡುವೆ 3,212 ಖರ್ಚಾಗಿವೆ. ಸರಿ, ಚೀಲ ಇರುವುದೇ ಖರ್ಚಾಗಲಿಕ್ಕೆ. ಆದರೆ ಟ್ಯಾಲಿಯಲ್ಲಿ ನೋಡಿದರೆ 18ರಿಂದ 31ರವರೆಗೆ ಹತ್ತು ಕೆಜಿ ಅಕ್ಕಿ ಒಂದು ಚೀಲವೂ ಮಾರಿಲ್ಲ.

ಮೊದಲು ನನಗೆ ಹೊಳೆದದ್ದು ಹೊಳೆಯೇ. ಗೋದಾಮಿಗೆ ನೀರು ನುಗ್ಗಿ ಚೀಲ ಹಾಳಾಗಿರಬೇಕು. ಮೇಸ್ತ್ರಿಗೆ ಫೋನ್ ಮಾಡಿದೆ.

"ನೀರು ಇತ್ತಕಡೆ ಬಂದೇ ಇಲ್ಲರೀ ಅಕ್ಕಾ. ಇಲಿ ಕಡಿದದ್ದು ಹನ್ನೆರಡು ಅದಾವ, ಬೇಕಂದ್ರ ತೋರಿಸ್ತೀನಿ."

ಹನ್ನೆರಡು ಹೋದರೆ 3,200 ಉಳಿಯಿತು. ಅದು ಎಂಥ ದುಂಡು ಸಂಖ್ಯೆ ಎಂದು ಆಗಲೇ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಖಾಲಿ ಚೀಲವನ್ನು ವರ್ಷದ ಕೊನೆಗೆ ಒಟ್ಟಿಗೆ ಖರ್ಚು ಹಾಕುವುದು ಆ ಮಿಲ್ಲಿನ ವಾಡಿಕೆ, ಈ ಸಲವೂ ಹಾಗೇ ಬಿಡು ಎಂದು ಪಕ್ಕದ ಮೇಜಿನ ಹಿರಿಯ ಅಕ್ಕ ಹೇಳಿದಳು. ಶನಿವಾರ ಸಂಜೆ ಆ ಸಾಲಿನ ಮುಂದೆ ಪೆನ್ಸಿಲ್ಲಿನಲ್ಲಿ ಪ್ರಶ್ನೆ ಚಿಹ್ನೆ ಹಾಕಿ ಊರಿಗೆ ಹೋದೆ.

ಇನ್ನೊಂದು ಮಾತು ಇಲ್ಲಿ ಹೇಳಬೇಕು. ತೆರಿಗೆ ಸರಿ ಇದೆಯೋ ಇಲ್ಲವೋ ಎಂದು ನಾನು ನೋಡಿರಲಿಲ್ಲ ಎಂದಲ್ಲ. ನೋಡಿದ್ದೆ. 18ರ ನಂತರದ 25 ಕೆಜಿ ಚೀಲದ ಮಾರಾಟ ತೆಗೆದು ಶೇ. 5ರಿಂದ ಗುಣಿಸಿದ್ದೆ, ಟ್ಯಾಲಿಯ ತೆರಿಗೆ ಖಾತೆಗೆ ರೂಪಾಯಿಗೆ ರೂಪಾಯಿ ಹೊಂದಿತ್ತು. ಮಿಲ್ಲಿನ ಗುಮಾಸ್ತರು 25 ಕೆಜಿಗೂ 10 ಕೆಜಿಗೂ 18ರಿಂದ ಹೊಸ ದರ ಹಾಕಿಟ್ಟಿದ್ದರು, 50 ಕೆಜಿಗೆ ಸೊನ್ನೆ ಬಿಟ್ಟಿದ್ದರು. ಎಲ್ಲವೂ ಕಾನೂನಿನಂತೆ. ನಾವು ತಿಂಗಳ ಕೊನೆಗೆ ಮಾಡುವ ತಾಳೆ ಗುಣಾಕಾರವನ್ನು ಪರೀಕ್ಷೆ ಮಾಡುತ್ತದೆ. ತೆರಿಗೆಯ ಗುಂಪಿಗೆ ಬಂದ ಮಾಲಿಗೆ ದರ ಸರಿಯಾಗಿ ಬಿದ್ದಿದೆಯೇ ಎಂದು ಅದು ಹೇಳುತ್ತದೆ. ಯಾವ ಮಾಲು ತಪ್ಪು ಗುಂಪಿನಲ್ಲಿ ಕೂತಿದೆ ಎಂದು ಹೇಳುವುದಿಲ್ಲ. ಸೊನ್ನೆಯ ಗುಂಪಿನಲ್ಲಿ ಕೂತ ಮಾಲಂತೂ ಯಾವ ತಾಳೆಗೂ ಸಿಗುವುದಿಲ್ಲ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ.

ಆಗಸ್ಟ್ 7, ಭಾನುವಾರ. ಸಂಡೂರಿನ ನಮ್ಮ ಮನೆಯ ಅಡುಗೆ ಮನೆಯಲ್ಲಿ ಅಮ್ಮ ಹೊಸ ಅಕ್ಕಿ ಚೀಲದ ಹೊಲಿಗೆ ಬಿಚ್ಚುತ್ತಿದ್ದಳು. ದಾರ ಸಿಕ್ಕಿಕೊಂಡು ಬರದೆ, ಈಳಿಗೆ ಮಣೆಗೆ ಒತ್ತಿ ಕೊಯ್ಯಲು ಹೋದಳು.

"ಕೈ ಜೋಪಾನ, ಕೊಡಿಲ್ಲಿ," ಎಂದು ತೆಗೆದುಕೊಂಡೆ. ಹತ್ತು ಕೆಜಿ ಚೀಲ. ತೆನೆಯ ಚಿತ್ರ. ಕಂಪ್ಲಿಯ ಅದೇ ಮಿಲ್ಲು. ಕೆಳಗೆ ಮುದ್ರೆ ಒತ್ತಿದ್ದರು: ಪ್ಯಾಕ್ ಮಾಡಿದ್ದು ಜುಲೈ 2022.

"ಯಾವಾಗ ತಂದದ್ದು ಇದು?"

"ಮೊನ್ನೆ ಗುರುವಾರ ನಿಮ್ಮಪ್ಪ ತಂದ್ರು. ಯಾಕ, ಅಕ್ಕಿ ಚಲೋ ಇಲ್ಲೇನು?"

ಅಕ್ಕಿ ಚಲೋ ಇತ್ತು. ನಾನು ಚೀಲ ಹಿಡಿದು ಕೂತೇಬಿಟ್ಟೆ. ಮಾರೇ ಇಲ್ಲದ ಚೀಲ ನಮ್ಮ ಮನೆಯಲ್ಲಿದೆ. ಸಂಜೆ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವರು ನನ್ನನ್ನು ಚಿಕ್ಕಂದಿನಿಂದ ಬಲ್ಲವರು. ಗೋಡೆ ಬದಿಯ ಒಂದು ದೊಡ್ಡ ಗೋಣಿ ಮೂಟೆ ತೋರಿಸಿದರು. ಒಳಗೆ ಹತ್ತು ಕೆಜಿಯ ಐದು ಚೀಲ, ಹೊರಗೆ ಒಂದು ಗೋಣಿ. "ಹಮಾಲರಿಗೆ ಎತ್ತೋಕೆ ಅನುಕೂಲ. ಸಣ್ಣ ಚೀಲ ಬಿಡಿಬಿಡಿ ಬಂದ್ರ ದಾರ್ಯಾಗ ಹರೀತಾವ."

ಐದು ಹತ್ತಲಿ ಐವತ್ತು. ಮೂರು ಸಾವಿರದ ಇನ್ನೂರನ್ನು ಐದರಿಂದ ಭಾಗಿಸಿದರೆ ಆರುನೂರ ನಲವತ್ತು. ಆ ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು ಟ್ಯಾಲಿಯಲ್ಲಿ `SM RICE 50KG` ತೆಗೆದೆ. 18ರ ನಂತರದ ಬಿಲ್ಲುಗಳನ್ನು ಒಂದೊಂದಾಗಿ ಇಳಿದು ನೋಡಿದೆ. ಹಿಂದಿನ ವಾರವೂ ಇದೇ ಪಟ್ಟಿ ನೋಡಿದ್ದೆ, ಆದರೆ ಮೊತ್ತ ಮಾತ್ರ. ಈಗ ದರದ ಕಾಲಂ ನೋಡಿದೆ. ಒಂದೇ ಮಾಲು, ಒಂದೇ ಹೆಸರು, ಎರಡು ಬೆಲೆ. ಕೆಲವು ಬಿಲ್ಲಿನಲ್ಲಿ ಮೂಟೆಗೆ 2,225 ರೂಪಾಯಿ, ಅಂದರೆ ಕೆಜಿಗೆ 44 ರೂಪಾಯಿ 50 ಪೈಸೆ. ಕೆಲವು ಬಿಲ್ಲಿನಲ್ಲಿ 2,300, ಕೆಜಿಗೆ 46. ಅದೇ ದಿನ, ಅದೇ ಅಂಗಡಿಗೆ, ಒಂದೇ ಬಿಲ್ಲಿನಲ್ಲೂ ಎರಡೂ ಇದ್ದವು. ಕೆಜಿಗೆ ಒಂದೂವರೆ ರೂಪಾಯಿ ಹೆಚ್ಚಿಗೆ ಯಾಕೆ? ಐದು ಸಣ್ಣ ಚೀಲದ ಬೆಲೆ, ತುಂಬುವ ಹೊಲಿಯುವ ಕೂಲಿ. 2,300ರ ಮೂಟೆಗಳನ್ನು ಮಾತ್ರ ಆರಿಸಿ ಕೂಡಿಸಿದೆ. ಒಂದು ಸಲ 638 ಬಂತು. ಮತ್ತೆ ಕೂಡಿಸಿದೆ, ಎರಡು ಮೂಟೆಯ ಒಂದು ಬಿಲ್ಲು ಬಿಟ್ಟಿದ್ದೆ. 640.

ಸಾರ್ ಬಂದ ಮೇಲೆ ಚೀಲದ ಲೆಕ್ಕ, ದರದ ಪಟ್ಟಿ, ಅಮ್ಮನಿಂದ ಕೇಳಿ ತಂದಿದ್ದ ಖಾಲಿ ಚೀಲ ಮೂರನ್ನೂ ಮೇಜಿನ ಮೇಲಿಟ್ಟೆ. ಅವರು ಮಾತಾಡದೆ ಕಪಾಟಿನಿಂದ ಒಂದು ಫೈಲು ತೆಗೆದರು. ಜುಲೈ 17ರಂದು, ದರ ಜಾರಿಯಾಗುವ ಹಿಂದಿನ ದಿನ, ಕೇಂದ್ರ ಹಣಕಾಸು ಸಚಿವಾಲಯ ಪ್ರಶ್ನೋತ್ತರ ರೂಪದಲ್ಲಿ ಒಂದು ವಿವರಣೆ ಹೊರಡಿಸಿತ್ತು. ಅದರಲ್ಲಿ ನಮ್ಮದೇ ಪ್ರಶ್ನೆ ಇತ್ತು. ಗ್ರಾಹಕನಿಗೆ ಚಿಲ್ಲರೆ ಮಾರಾಟಕ್ಕೆಂದು ಮಾಡಿದ ಹಲವು ಪೊಟ್ಟಣಗಳನ್ನು, ಉದಾಹರಣೆಗೆ ಹತ್ತು ಕೆಜಿಯ ಹತ್ತು ಪೊಟ್ಟಣಗಳನ್ನು, ಒಂದು ದೊಡ್ಡ ಚೀಲದಲ್ಲಿ ಹಾಕಿ ಮಾರಿದರೆ ತೆರಿಗೆ ಉಂಟು. 50 ಕೆಜಿಯ ಒಂದೇ ಒಂದು ಚೀಲವಾದರೆ ಇಲ್ಲ. ಅಂಗಡಿಯವನು ಚೀಲ ಬಿಚ್ಚಿ ಬಿಡಿಯಾಗಿ ಅಳೆದು ಕೊಟ್ಟರೆ ಆ ಮಾರಾಟಕ್ಕೂ ಇಲ್ಲ.

"ಹೊರಗಿನ ಗೋಣಿ ಎತ್ತೋದಕ್ಕೆ," ಎಂದರು ಸಾರ್. "ಕಾನೂನು ನೋಡೋದು ನಿಮ್ಮ ಅಡುಗೆ ಮನೆಗೆ ಬಂದ ಚೀಲಾನ. ಗುಮಾಸ್ತರಿಗೆ ಫೋನ್ ಮಾಡಬೇಡ. ಹೋಗಿ ಎದುರಿಗೆ ಕೂತು ಮಾತಾಡು."

ಆ ಮಾತಿಗೆ ಇವತ್ತಿಗೂ ನಾನು ಋಣಿ. ಫೋನಿನಲ್ಲಿ ಹೇಳಿದ್ದರೆ ಅದು ತಪ್ಪು ಹೊರಿಸಿದಂತೆ ಕೇಳುತ್ತಿತ್ತು. ಮಧ್ಯಾಹ್ನದ ಬಸ್ಸು ಹತ್ತಿದೆ. ಕಮಲಾಪುರ ದಾಟಿದ ಮೇಲೆ ಬಾಳೆ, ಕಬ್ಬು, ಆಮೇಲೆ ಕಣ್ಣು ಹಾಯುವವರೆಗೂ ನಾಟಿ ಮಾಡಿದ ಗದ್ದೆ. ವಿಜಯನಗರದ ಅರಸರ ಕಾಲದ ಕಾಲುವೆಗಳಲ್ಲಿ ಇನ್ನೂ ನೀರು ಹರಿಯುವ ನೆಲ ಅದು.

ಗುಮಾಸ್ತರಿಗೆ ಅರವತ್ತರ ಹತ್ತಿರದ ವಯಸ್ಸು. ಆ ಮಿಲ್ಲಿನಲ್ಲಿ ಮೂವತ್ತು ವರ್ಷ ಕೈಬರಹದಲ್ಲಿ ಖಾತೆ ಬರೆದು, ಆಮೇಲೆ ಕಂಪ್ಯೂಟರ್ ಕಲಿತವರು. ನಾನು ಪಟ್ಟಿ ತೋರಿಸಿದೆ. ಅವರು ಕನ್ನಡಕ ಮೇಲೆ ಏರಿಸಿ ಓದಿದರು.

"ಅವ್ವಾ, ಈ ಮೂಟೀನ ನಾನು ಮೊದಲಿಂದ್ಲೂ ಐವತ್ತು ಕೆಜಿ ಅಂತಾನೇ ಬರ್ಕೊಂಡು ಬಂದೀನಿ. ತೂಕ ಐವತ್ತೇ ಐತಿ. ಪೇಪರಿನ್ಯಾಗೂ ಇಪ್ಪತ್ತೈದರ ಮ್ಯಾಲೆ ತೆರಿಗೆ ಇಲ್ಲ ಅಂತ ಬಂದಿತ್ತು."

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಜುಲೈ 17ರವರೆಗೆ ಎರಡಕ್ಕೂ ತೆರಿಗೆ ಇರಲಿಲ್ಲ, ಹೀಗಾಗಿ ಎರಡನ್ನೂ ಒಂದೇ ಹೆಸರಿನಲ್ಲಿ ಬರೆದರೆ ನಷ್ಟವೂ ಇರಲಿಲ್ಲ. ದರ ಬದಲಾದಾಗ ಅವರು ದರ ಬದಲಿಸಿದರು, ಮಾಲಿನ ಹೆಸರು ಬದಲಿಸಲಿಲ್ಲ. ಆ ಹೆಸರು ಎರಡು ಬೇರೆ ಮಾಲನ್ನು ಹೊತ್ತಿದೆ ಎಂಬುದು ಅವರಿಗೆ ನೆನಪೇ ಆಗಲಿಲ್ಲ, ಅಷ್ಟು ವರ್ಷದ ಅಭ್ಯಾಸ. ನಾನು ತಂದಿದ್ದ ಚೀಲ ಮುಂದಿಟ್ಟೆ. "ಕಾಕಾ, ಇದು ನಮ್ಮ ಮನೀದು. ನಮ್ಮಪ್ಪ ಅಂಗಡಿಯಿಂದ ತಂದದ್ದು ಇದನ್ನ. ಐವತ್ತು ಕೆಜಿ ಮೂಟೆ ತರಲಿಲ್ಲ." ಅವರು ಚೀಲದ ಮೇಲಿನ ತೂಕ, ಬೆಲೆ ಓದಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸಾವ್ಕಾರ್ರಿಗೆ ನಾನ ಹೇಳ್ತೀನಿ," ಎಂದರು. ನನ್ನನ್ನು ಹೇಳಲು ಬಿಡಲಿಲ್ಲ.

ಈಗ ಲೆಕ್ಕ. 640 ಮೂಟೆ, 2,300ರಂತೆ 14,72,000 ರೂಪಾಯಿ. ಶೇ. 5 ಎಂದರೆ 73,600, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಹದಿನಾಲ್ಕು ದಿನದ್ದು ಇಷ್ಟು. ಯಾರೂ ಗಮನಿಸದೆ ಮಾರ್ಚ್‌ವರೆಗೆ ಹೋಗಿದ್ದರೆ ಎಷ್ಟಾಗುತ್ತಿತ್ತು, ಅದರ ಮೇಲೆ ಬಡ್ಡಿ, ದಂಡ ಎಷ್ಟು ಎಂದು ಸಾವ್ಕಾರರು ತಾವೇ ಬಾಯಲ್ಲಿ ಲೆಕ್ಕ ಹಾಕಿದರು. ಬೈಯಲಿಲ್ಲ. "ಈ ದುಡ್ಡು ಯಾರು ಕೊಡ್ಬೇಕು?" ಎಂದಷ್ಟೇ ಕೇಳಿದರು.

ಅದೇ ನಿಜವಾದ ಪ್ರಶ್ನೆ, ಮತ್ತು ಉತ್ತರ ಒಂದೇ ಅಲ್ಲ. 640ರಲ್ಲಿ 600 ಮೂಟೆ ಹೋಗಿದ್ದು ಸಂಡೂರು ಮತ್ತು ಹೊಸಪೇಟೆಯ ನೋಂದಾಯಿತ ವ್ಯಾಪಾರಿಗಳಿಗೆ. ಅವರಿಗೆ ಕಡಿಮೆ ಬಿದ್ದ ತೆರಿಗೆಗೆ ಡೆಬಿಟ್ ನೋಟ್ ಕೊಡಬಹುದು. ಅವರು ಅದನ್ನು ಕೊಟ್ಟು, ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಉಳಿದ 40 ಮೂಟೆ ಹಂಪಿ ದಾರಿಯ ಕಮಲಾಪುರದ ಒಬ್ಬ ಅಜ್ಜನ ಸಣ್ಣ ಅಂಗಡಿಗೆ. ಆ ಅಂಗಡಿ ಕಾಂಪೊಸಿಷನ್‌ನಲ್ಲಿತ್ತು. ಅಂಥವರು ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ, ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವಂತೆಯೂ ಇಲ್ಲ. ಅವರಿಗೆ ನೋಟ್ ಕಳಿಸಿದರೆ ಅದು ಪೂರಾ ಅವರ ಜೇಬಿನಿಂದಲೇ ಹೋಗುತ್ತದೆ, ಅಕ್ಕಿಯೂ ಆಗಲೇ ಮಾರಿ ಮುಗಿದಿದೆ. ಸಾವ್ಕಾರರು ಯೋಚಿಸಿ, ಅದನ್ನು ನಾನೇ ಹೊರುತ್ತೇನೆ, ಆ ಅಜ್ಜನ್ನ ಕೇಳಬೇಡಿ ಎಂದರು.

ಇಲ್ಲಿ ನಾನೊಂದು ತಪ್ಪು ಮಾಡಿದೆ. 40 ಮೂಟೆಗೆ 92,000 ರೂಪಾಯಿ, ಅದರ ಶೇ. 5 ಎಂದು 4,600 ಬರೆದೆ. ಸಾರ್ ಹೊಡೆದು ಹಾಕಿದರು. ಮಿಲ್ಲಿನವರೇ ಹೊರುವುದಾದರೆ ಪಡೆದ 92,000ದ ಒಳಗೇ ತೆರಿಗೆ ಸೇರಿದೆ ಎಂದು ಅರ್ಥ. ಆಗ ನೂರರ ಮೇಲೆ ಐದಲ್ಲ, ನೂರೈದರಲ್ಲಿ ಐದು. 92,000ವನ್ನು 105ರಿಂದ ಭಾಗಿಸಿ 5ರಿಂದ ಗುಣಿಸಿದರೆ 4,381. ಇನ್ನೂರ ಹತ್ತೊಂಬತ್ತು ರೂಪಾಯಿಯ ವ್ಯತ್ಯಾಸ. ಉಳಿದ 600 ಮೂಟೆಗೆ 69,000. ಒಟ್ಟು 73,381.

ಜುಲೈ ರಿಟರ್ನ್ ಇನ್ನೂ ಹೋಗಿರಲಿಲ್ಲ. ಹಳೆಯ ಬಿಲ್ಲನ್ನೇ ಕಂಪ್ಯೂಟರಿನಲ್ಲಿ ತಿದ್ದಿ ಅದೇ ನಂಬರಿನಲ್ಲಿ ಮತ್ತೆ ತೆಗೆದರೆ ಆಗದೇ ಎಂದು ಗುಮಾಸ್ತರು ಕೇಳಿದರು. ಸಾರ್ ಒಪ್ಪಲಿಲ್ಲ. ಒಂದು ಪ್ರತಿ ಆಗಲೇ ವ್ಯಾಪಾರಿಯ ಕೈಯಲ್ಲಿದೆ, ಒಂದೇ ನಂಬರಿಗೆ ಎರಡು ಬಿಲ್ಲು ಇರಬಾರದು. ಒಂದೊಂದು ಹಳೆ ಬಿಲ್ಲಿನ ನಂಬರು, ತಾರೀಖು ನಮೂದಿಸಿ ಆಗಸ್ಟ್ ತಾರೀಖಿನಲ್ಲಿ ನೋಟ್ ತೆಗೆದೆವು. ಅವು ಆಗಸ್ಟ್ ರಿಟರ್ನಿನಲ್ಲಿ ಹೋದವು. ಮಾಲು ಹೋದದ್ದು ಜುಲೈನಲ್ಲಿ, ತೆರಿಗೆ ಕಟ್ಟಿದ್ದು ಒಂದು ತಿಂಗಳು ತಡ ಎಂದು ಸಾರ್ ಆಗಸ್ಟ್ 20ರಿಂದ ಸೆಪ್ಟೆಂಬರ್ 20ರವರೆಗೆ 31 ದಿನಕ್ಕೆ ವಾರ್ಷಿಕ ಶೇ. 18ರಂತೆ ಬಡ್ಡಿಯನ್ನೂ ಸೇರಿಸಿದರು, 1,122 ರೂಪಾಯಿ. ಯಾರೂ ಕೇಳಿರಲಿಲ್ಲ. ಕೇಳುವ ಮೊದಲೇ ಕಟ್ಟಬೇಕು ಎಂಬುದು ಅವರ ಪದ್ಧತಿ.

ಸಂಡೂರಿನ ನಮ್ಮ ಅಂಗಡಿಯವರಿಗೆ ನೋಟ್ ತಲುಪಿದಾಗ ಅವರಿಗೆ ಸಿಟ್ಟು ಬಂತು. ನಾನು ಅವರ ಅಂಗಡಿಯಲ್ಲಿ ಮೂಟೆ ನೋಡಿ ಹೋದದ್ದೇ ಇದಕ್ಕೆ ಕಾರಣ ಎಂದು ಅವರಿಗೆ ಗೊತ್ತಾಗಿತ್ತು. ಎರಡು ವಾರ ನಮ್ಮಪ್ಪನೊಡನೆ ಸರಿಯಾಗಿ ಮಾತಾಡಲಿಲ್ಲ. ಅದರಿಂದ ನನಗೆ ನೋವಾಯಿತು. ಒಂದು ಸಂಜೆ ಹೋಗಿ ಕೂತೆ. ಮಿಲ್ಲಿನ ಬಿಲ್ಲಿನಲ್ಲಿ ಸೊನ್ನೆ ಇದ್ದದ್ದು ನೋಡಿ ಅವರೂ ಹತ್ತು ಕೆಜಿ ಚೀಲಗಳನ್ನು ತೆರಿಗೆ ಇಲ್ಲದೆ ಮಾರಿದ್ದರು. ಒಬ್ಬರ ತಪ್ಪು ಮಾಲಿನ ಹಿಂದೆಯೇ ಲಾರಿ ಹತ್ತಿ ಇನ್ನೊಬ್ಬರ ಖಾತೆಗೆ ಬಂದಿತ್ತು. ಅವರ ಬಿಲ್ ಪುಸ್ತಕ ತೆಗೆದು, ಯಾವುದು ಚೀಲ, ಯಾವುದು ಬಿಡಿ ಎಂದು ಇಬ್ಬರೂ ಸೇರಿ ಬೇರೆ ಮಾಡಿದೆವು. ಅವರು ಕಟ್ಟಬೇಕಾದ ತೆರಿಗೆಯಲ್ಲಿ ಮಿಲ್ಲಿಗೆ ಕೊಟ್ಟದ್ದು ಕಳೆದು ಉಳಿದದ್ದು ಸ್ವಲ್ಪವೇ. ಒಂಬತ್ತು ಗಂಟೆಗೆ ಷಟರ್ ಎಳೆಯುವಾಗ ಅವರು, "ನಾಳೆ ನಿಮ್ಮಪ್ಪನ್ನ ಕಳಿಸು, ಬೆಲ್ಲ ಹೊಸದು ಬಂದೈತಿ," ಎಂದರು.

ಮಿಲ್ಲಿನ ಟ್ಯಾಲಿಯಲ್ಲಿ ಗುಮಾಸ್ತರೇ ಹೊಸ ಹೆಸರು ಮಾಡಿದರು, `SM RICE 10KG x 5`. ತಿಂಗಳಿಗೊಮ್ಮೆ ಖಾಲಿ ಚೀಲ ಎಣಿಸಿ, ಮಾರಾಟದ ಜೊತೆ ತಾಳೆ ನೋಡುವುದನ್ನೂ ಶುರು ಮಾಡಿದರು. ಪೆನ್ಸಿಲ್ಲಿನ ಪ್ರಶ್ನೆ ಚಿಹ್ನೆಯನ್ನು ನಾನು ಅಳಿಸಲಿಲ್ಲ, ಆ ಹಾಳೆ ಫೈಲಿನಲ್ಲಿ ಹಾಗೇ ಇದೆ.

ಕೆಲವು ತಿಂಗಳ ಮೇಲೆ, ನಮ್ಮ ಕಡೆಯ ಅಂಗಡಿಗಳಲ್ಲೆಲ್ಲ 26 ಕೆಜಿ ಚೀಲ ಕಾಣತೊಡಗಿದ ಕಾಲಕ್ಕೆ, ಗುಮಾಸ್ತರ ಫೋನ್ ಬಂತು.

"ಅವ್ವಾ, ಸಾವ್ಕಾರ್ರು ಇಪ್ಪತ್ತಾರು ಕೆಜಿ ಚೀಲ ಮಾಡಿಸ್ಯಾರ. ಬಿಲ್ಲು ಹಾಕೋಕಿಂತ ಮೊದಲು ಕೇಳೋಣಂತ ಮಾಡಿದೆ."

"ಒಳಗೆ ಬೇರೆ ಸಣ್ಣ ಚೀಲ ಏನಾದ್ರೂ ಅದಾವೇನು ಕಾಕಾ?"

"ಇಲ್ಲ. ಒಂದೇ ಚೀಲ, ಒಂದೇ ಹೊಲಿಗೆ. ನಾನ ಬಿಚ್ಚಿ ನೋಡೀನಿ."